ಬೇಸ್ತವಾರ ರಾತ್ರಿ ಹುಟ್ಟಿದ ತಾತ, ಶುಕ್ರವಾರ ತೋರಿಸುವ ಮೊಬೈಲು

ಪ್ರಶ್ನೆ: ಸರ್, ನಾವು ಮಂಡ್ಯದ ಹತ್ತಿರದ ಹಳ್ಳಿಯವರು. ತಾತನಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸಬೇಕು ಅಂತಿದ್ದೀವಿ. ಮುತ್ತಾತ ಬರೆದಿಟ್ಟ ಚೀಟಿಯಲ್ಲಿ "ಸರ್ವಜಿತು ಸಂವತ್ಸರ, ಪುಷ್ಯ ಶುದ್ಧ, ಬೇಸ್ತವಾರ ರಾತ್ರಿ 4 ಗಂಟೆ, ತಾ. 23-1" ಅಂತಿದೆ. ತಿಥಿ ಬರೆದಿದ್ದ ಜಾಗ ಹರಿದುಹೋಗಿದೆ. ಮೊಬೈಲಲ್ಲಿ ನೋಡಿದರೆ 23-1-1948 ಶುಕ್ರವಾರ. ಚಿಕ್ಕಪ್ಪ, 1947 ಇರಬೇಕು, ಆ ವರ್ಷ 23 ಗುರುವಾರವೇ ಇದೆ ಅಂತಾರೆ. ಅತ್ತೆ, 22 ಅಂತ ತಿದ್ದಿಬಿಡಿ ಅಂತಾರೆ. ಈ ಮಾತು ನಡೀತಿರುವಾಗ ಏಳನೇ ಕ್ಲಾಸಿನ ಮಗಳು, ಭಾನು ಆದಮೇಲೆ ಸೋಮ, ಆಮೇಲೆ ಮಂಗಳ, ನಮ್ಮ ಪುಸ್ತಕದಲ್ಲಿ ಗ್ರಹಗಳು ಈ ಕ್ರಮದಲ್ಲಿಲ್ಲವಲ್ಲ ಅಂತ ಕೇಳಿದಳು. ವಾಟ್ಸಾಪಲ್ಲಿ ಒಬ್ಬರು ವಾರಗಳು ವೇದದಲ್ಲೇ ಇವೆ ಅಂತಾರೆ, ಇನ್ನೊಬ್ಬರು ಬ್ರಿಟಿಷರು ತಂದಿದ್ದು ಅಂತಾರೆ. ಯಾವುದನ್ನು ನಂಬೋದು?

ಉತ್ತರ:

ನಿಮ್ಮ ಮುತ್ತಾತ ಬರೆದದ್ದು ಸರಿಯಾಗಿದೆ. ಮೊಬೈಲು ತೋರಿಸುತ್ತಿರುವುದೂ ಸರಿಯಾಗಿದೆ. ತಾತ ಹುಟ್ಟಿದ್ದು 1948ರ ಜನವರಿ 23, ಬೆಳಗಿನ ಜಾವ 4 ಗಂಟೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ದಿನ ಬದಲಾಗುವುದು ನಡುರಾತ್ರಿ 12ಕ್ಕೆ, ಹಾಗಾಗಿ ಅದಕ್ಕೆ ಅದು ಶುಕ್ರವಾರ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಮಂಡ್ಯದ ಕಡೆ ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟೋದು ಆರೂಮುಕ್ಕಾಲರ ಸುಮಾರಿಗೆ. ಅಂದರೆ 4 ಗಂಟೆಗೆ ಇನ್ನೂ ಬೇಸ್ತವಾರವೇ ನಡೆಯುತ್ತಿತ್ತು. ಮುತ್ತಾತ ತಾರೀಖನ್ನು ಇಂಗ್ಲಿಷ್ ಲೆಕ್ಕದಲ್ಲಿ, ವಾರವನ್ನು ಪಂಚಾಂಗದ ಲೆಕ್ಕದಲ್ಲಿ ಬರೆದಿದ್ದಾರೆ. ಆ ಕಾಲದ ಚೀಟಿ, ಜಾತಕ, ಲೆಕ್ಕದ ಪುಸ್ತಕಗಳಲ್ಲಿ ಹೀಗೆ ಎರಡೂ ಒಟ್ಟಿಗೆ ಬರುವುದು ತುಂಬಾ ಸಾಮಾನ್ಯ. "ರಾತ್ರಿ 4 ಗಂಟೆ" ಅನ್ನೋ ಮಾತೇ ಅದರ ಗುರುತು. ಇವತ್ತು ನಾವು "ಬೆಳಗ್ಗೆ 4" ಅನ್ನುತ್ತೇವೆ, ಯಾಕಂದರೆ ನಮ್ಮ ತಲೆಯಲ್ಲಿ ದಿನ ಆಗಲೇ ಬದಲಾಗಿರುತ್ತದೆ. ಅವರಿಗೆ ಅದು ಹಿಂದಿನ ದಿನದ ರಾತ್ರಿಯ ಕೊನೆ.

ನನ್ನ ಮಾತಷ್ಟನ್ನೇ ನಂಬಬೇಕಿಲ್ಲ, ನೀವೇ ಲೆಕ್ಕ ಹಾಕಿ ನೋಡಬಹುದು. 1947ರ ಆಗಸ್ಟ್ 15 ಶುಕ್ರವಾರ, ಇದು ಎಲ್ಲರಿಗೂ ಗೊತ್ತಿರುವ ದಿನ. ಅಲ್ಲಿಂದ ಆಗಸ್ಟಿನಲ್ಲಿ ಉಳಿದದ್ದು 16 ದಿನ, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್ 30, ಡಿಸೆಂಬರ್ 31, ಜನವರಿಯ 23. ಕೂಡಿದರೆ 161. ಏಳರಿಂದ ಭಾಗಿಸಿದರೆ ಸರಿಯಾಗಿ 23 ವಾರ, ಶೇಷ ಇಲ್ಲ. ಹಾಗಾಗಿ 1948ರ ಜನವರಿ 23 ಕೂಡ ಶುಕ್ರವಾರವೇ.

ಈಗ ಚಿಕ್ಕಪ್ಪನವರ ಮಾತು. 1947ರ ಜನವರಿ 23 ನಿಜಕ್ಕೂ ಗುರುವಾರ. ಅವರು ನೋಡಿದ್ದು ತಪ್ಪಲ್ಲ, ಆದರೆ ಅದು ಈ ಚೀಟಿಗೆ ಹೊಂದೋದಿಲ್ಲ. ಸರ್ವಜಿತು ಸಂವತ್ಸರ ಶುರುವಾದದ್ದು 1947ರ ಯುಗಾದಿಗೆ, ಮುಗಿದದ್ದು 1948ರ ಯುಗಾದಿಗೆ. ಈ ಸಂವತ್ಸರದೊಳಗೆ ಬರುವ ಜನವರಿ ಒಂದೇ, 1948ರದ್ದು. 1947ರ ಜನವರಿಯಲ್ಲಿ ನಡೆಯುತ್ತಿದ್ದದ್ದು ಅದರ ಹಿಂದಿನ ವ್ಯಯ ಸಂವತ್ಸರ. ಸಂವತ್ಸರವನ್ನು ಒಂದೇ ಇಂಗ್ಲಿಷ್ ವರ್ಷಕ್ಕೆ ಅಂಟಿಸಿಬಿಡುವುದು ಹಳೇ ಕಾಗದ ಓದುವಾಗ ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು. ಜನವರಿ, ಫೆಬ್ರವರಿ, ಮಾರ್ಚಿನಲ್ಲಿ ಹುಟ್ಟಿದವರಿಗೆ ಇದರಿಂದ ಒಂದು ವರ್ಷ ಹೆಚ್ಚುಕಮ್ಮಿ ಆಗಿಬಿಡುತ್ತದೆ. ಚೀಟಿಯಲ್ಲಿ ಇನ್ನೊಂದು ಸಾಕ್ಷಿಯೂ ಇದೆ, ತಿಥಿ ಹರಿದುಹೋದರೂ "ಪುಷ್ಯ ಶುದ್ಧ" ಉಳಿದಿದೆ. 1948ರಲ್ಲಿ ಜನವರಿ 11ರ ಸುಮಾರಿಗೆ ಅಮಾವಾಸ್ಯೆ, 26ರ ಸುಮಾರಿಗೆ ಹುಣ್ಣಿಮೆ. 23 ಅಂದರೆ ಚಂದ್ರ ಚೆನ್ನಾಗಿ ಬೆಳೆದಿದ್ದ ದಿನ, ಪುಷ್ಯ ಶುದ್ಧಕ್ಕೆ ಸರಿಹೋಗುತ್ತದೆ. 1947ರಲ್ಲಿ ಜನವರಿ 22ಕ್ಕೇ ಅಮಾವಾಸ್ಯೆ. ಅಲ್ಲಿಗೆ ಪುಷ್ಯ ಮಾಸವೇ ಮುಗಿದಿತ್ತು. ಸಂವತ್ಸರವೂ ಕೂಡದು, ಮಾಸವೂ ಕೂಡದು, ಬರೀ ವಾರ ಒಂದು ಕೂಡುತ್ತದೆ. ಏಳರಲ್ಲಿ ಒಂದು ಸಲ ವಾರ ಸುಮ್ನೆ ಕೂಡಿಬರುವುದು ದೊಡ್ಡ ವಿಷಯವಲ್ಲ.

ಇನ್ನು ನಿಮ್ಮ ಮಗಳ ಪ್ರಶ್ನೆ. ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಇಷ್ಟವಾದದ್ದು ಅದೇ. ವಾರ ಸೂರ್ಯೋದಯಕ್ಕೇ ಯಾಕೆ ಬದಲಾಗಬೇಕು ಅನ್ನೋದಕ್ಕೆ ಉತ್ತರವೂ ಅದರೊಳಗೇ ಇದೆ.

ಅವಳ ಪುಸ್ತಕದಲ್ಲಿರುವುದು ಸೂರ್ಯನನ್ನು ನಡುವೆ ಇಟ್ಟುಕೊಂಡು ಹತ್ತಿರದಿಂದ ದೂರಕ್ಕೆ ಬರೆದ ಪಟ್ಟಿ. ವಾರಗಳಿಗೆ ಹೆಸರಿಟ್ಟವರು ನಿಂತಿದ್ದು ಭೂಮಿಯ ಮೇಲೆ. ಅವರಿಗೆ ಭೂಮಿ ಗ್ರಹವಲ್ಲ, ಸೂರ್ಯ ಚಂದ್ರರೂ ಗ್ರಹಗಳೇ. ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತಾ ಓಡಾಡುವ, ಬರಿಗಣ್ಣಿಗೆ ಕಾಣುವ ಬೆಳಕುಗಳು ಏಳು. ಅವುಗಳನ್ನು ಓಡುವ ವೇಗದ ಮೇಲೆ ಜೋಡಿಸಿದರು. ಎಲ್ಲಕ್ಕಿಂತ ನಿಧಾನ ಶನಿ. ಆಕಾಶವನ್ನು ಒಂದು ಸುತ್ತು ಹಾಕಲು ಅವನಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಮೂರು ರಾಶಿ ದಾಟಲು ಏಳೂವರೆ ವರ್ಷ, ಸಾಡೇಸಾತಿ ಅನ್ನುತ್ತಾರಲ್ಲ, ಆ ಅಂಕಿ ಬಂದದ್ದು ಇಲ್ಲಿಂದ. ಶನೈಶ್ಚರ ಅಂದರೆ ಮೆಲ್ಲಗೆ ನಡೆಯುವವನು ಅಂತಲೇ ಅರ್ಥ. ಅವನ ನಂತರ ಗುರು, ಒಂದು ಸುತ್ತಿಗೆ ಸುಮಾರು 12 ವರ್ಷ, ವರ್ಷಕ್ಕೊಂದು ರಾಶಿ. ಮದುವೆ ಮಾತಿಗೆ ಮುಂಚೆ ಈ ವರ್ಷ ಗುರುಬಲ ಇದೆಯಾ ಅಂತ ಕೇಳುವುದು ಅದಕ್ಕೇ. ಆಮೇಲೆ ಮಂಗಳ, ಎರಡು ವರ್ಷಕ್ಕೆ ಸ್ವಲ್ಪ ಕಮ್ಮಿ. ಆಮೇಲೆ ಸೂರ್ಯ, ಒಂದು ವರ್ಷ. ಆಮೇಲೆ ಶುಕ್ರ, ಬುಧ. ಕೊನೆಗೆ ಚಂದ್ರ, 27 ದಿನದ ಮೇಲೆ ಸ್ವಲ್ಪ, ಎಲ್ಲರಿಗಿಂತ ಚುರುಕು. ಅಲ್ಲಿಗೆ ಕ್ರಮ ಹೀಗೆ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ.

ಇದೂ ನಮ್ಮ ವಾರದ ಕ್ರಮ ಅಲ್ಲ, ಅಲ್ವಾ? ಹೌದು, ಇನ್ನೊಂದು ಹೆಜ್ಜೆ ಬಾಕಿ ಇದೆ.

ಹಗಲು ರಾತ್ರಿ ಸೇರಿ ಒಂದು ದಿನಕ್ಕೆ 24 ಹೋರೆ. ಒಂದೊಂದು ಹೋರೆಗೂ ಈ ಏಳರಲ್ಲಿ ಒಬ್ಬ ಒಡೆಯ, ಮೇಲಿನ ಕ್ರಮದಲ್ಲೇ ಒಬ್ಬರಾದ ಮೇಲೆ ಒಬ್ಬರು. ನಿಮ್ಮ ಕಡೆ ನಾಲೆಯ ತೂಬಿನಿಂದ ಏಳು ಮನೆಯವರು ಗಂಟೆಗೊಬ್ಬರಂತೆ ಸರದಿ ಮೇಲೆ ಗದ್ದೆಗೆ ನೀರು ಬಿಟ್ಟುಕೊಳ್ಳುತ್ತಾರೆ ಅಂದುಕೊಳ್ಳಿ. ದಿನಾ ಸೂರ್ಯ ಹುಟ್ಟುವಾಗ ಯಾರ ಸರದಿ ಇರುತ್ತದೋ, ಆ ದಿನಕ್ಕೆ ಅವರ ಹೆಸರು. ಇಷ್ಟೇ ನಿಯಮ. ವಾರ ಅನ್ನೋ ಸಂಸ್ಕೃತ ಪದಕ್ಕೆ ಮೊದಲ ಅರ್ಥವೂ ಸರದಿ ಅಂತಲೇ. ಮೈಸೂರಲ್ಲಿ ಓದಲು ಬಂದ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಊಟ ಮಾಡಿ ವಾರಾನ್ನದಲ್ಲಿ ಬೆಳೆದರಲ್ಲ, ಅಲ್ಲೂ ಅದೇ ವಾರ.

ಮಗಳನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಭಾನುವಾರ ಸೂರ್ಯೋದಯದ ಮೊದಲ ಹೋರೆ ರವಿಯದ್ದು. ಎರಡನೇದು ಶುಕ್ರ, ಮೂರನೇದು ಬುಧ, ನಾಲ್ಕು ಚಂದ್ರ, ಐದು ಶನಿ, ಆರು ಗುರು, ಏಳು ಮಂಗಳ. ಎಂಟಕ್ಕೆ ಮತ್ತೆ ರವಿ. ಹದಿನೈದಕ್ಕೂ ರವಿ, ಇಪ್ಪತ್ತೆರಡಕ್ಕೂ ರವಿ. ಇಪ್ಪತ್ತಮೂರು ಶುಕ್ರ, ಇಪ್ಪತ್ತನಾಲ್ಕು ಬುಧ. ದಿನ ಮುಗಿಯಿತು. ಮಾರನೇ ದಿನ ಸೂರ್ಯ ಹುಟ್ಟುವಾಗ ಸರದಿ ಚಂದ್ರನದ್ದು. ಸೋಮ ಅಂದರೆ ಚಂದ್ರ, ಹಾಗಾಗಿ ಸೋಮವಾರ. ಚಂದ್ರನಿಂದ ಶುರುಮಾಡಿ ಇದೇ ರೀತಿ 24 ಎಣಿಸಿದರೆ ಮಾರನೇ ಬೆಳಗ್ಗೆ ಮಂಗಳ ಸಿಗುತ್ತಾನೆ. ಅವಳು ಏಳು ದಿನವನ್ನೂ ಹೀಗೆ ಬರೆದು ನೋಡಲಿ, ಒಂದು ದಿನವೂ ತಪ್ಪುವುದಿಲ್ಲ. ಕಾರಣ ಸರಳ. 24ರಲ್ಲಿ ಏಳನ್ನು ಮೂರು ಸಲ ಕಳೆದರೆ ಉಳಿಯುವುದು 3. ದಿನಾ ಮೂರು ಮನೆ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಪಟ್ಟಿಯಲ್ಲಿ ನಾಲ್ಕನೆಯವನು ಮಾರನೇ ದಿನದ ಒಡೆಯ.

ಆರ್ಯಭಟ 499ರ ಸುಮಾರಿಗೆ ಬರೆದ ಆರ್ಯಭಟೀಯದ ಕಾಲಕ್ರಿಯಾ ಭಾಗದಲ್ಲಿ ಇದನ್ನು ಒಂದೇ ಪದ್ಯದಲ್ಲಿ ಹೇಳಿ ಮುಗಿಸಿದ್ದಾನೆ. ಶನಿಯಿಂದ ಶುರುಮಾಡಿ ವೇಗ ಹೆಚ್ಚುತ್ತಾ ಹೋಗುವ ಏಳು ಗ್ರಹಗಳೇ ಹೋರೆಗಳ ಒಡೆಯರು, ಆ ಕ್ರಮದಲ್ಲಿ ನಾಲ್ಕನೆಯವರು ಸೂರ್ಯೋದಯದಿಂದ ದಿನದ ಒಡೆಯರು ಅಂತ. ಸೂರ್ಯೋದಯದಿಂದ ಅನ್ನೋ ಮಾತನ್ನು ಗಮನಿಸಿ. ಮುತ್ತಾತನ ಚೀಟಿ ಮತ್ತು ನಿಮ್ಮ ಮೊಬೈಲಿನ ಜಗಳ ನಿಂತಿರುವುದು ಆ ಒಂದು ಮಾತಿನ ಮೇಲೆ.

ತಾತನ ಹುಟ್ಟಿನ ಗಳಿಗೆಗೂ ಇದನ್ನು ಹಾಕಿ ನೋಡೋಣ. ಬೇಸ್ತವಾರ, ಜನವರಿ 22ರ ಬೆಳಗ್ಗೆ 6.45ಕ್ಕೆ ಗುರುವಿನ ಹೋರೆಯಿಂದ ಶುರು. ಮಾರನೇ ಬೆಳಗಿನ ಜಾವ 4 ಗಂಟೆ ಅಂದರೆ ಅಲ್ಲಿಂದ ಇಪ್ಪತ್ತೊಂದು ಗಂಟೆ ಕಾಲು. ನಡೆಯುತ್ತಿದ್ದದ್ದು 22ನೇ ಹೋರೆ, ಅದೂ ಗುರುವಿನದ್ದೇ. ಇನ್ನು ಮಂಗಳ, ರವಿ ಎರಡು ಹೋರೆ ಬಾಕಿ, ಆಮೇಲೆ ಸೂರ್ಯ ಹುಟ್ಟಿ ಶುಕ್ರ. ಕೆಲವು ಪಂಚಾಂಗಗಳಲ್ಲಿ ಹೋರೆಯನ್ನು ಸಮ ಗಂಟೆಯಾಗಿ ತೆಗೆದುಕೊಳ್ಳದೆ ಹಗಲಿಗೆ 12, ರಾತ್ರಿಗೆ 12 ಅಂತ ಭಾಗ ಮಾಡುತ್ತಾರೆ, ಆಗ ಚಳಿಗಾಲದಲ್ಲಿ ರಾತ್ರಿಯ ಹೋರೆ ಒಂದು ಗಂಟೆಗಿಂತ ಸ್ವಲ್ಪ ಉದ್ದ ಇರುತ್ತದೆ. ಆ ಲೆಕ್ಕದಲ್ಲಿ ನೋಡಿದರೂ 4 ಗಂಟೆಗೆ 22ನೇದೇ ಬರುತ್ತದೆ.

ಈಗ ವಾಟ್ಸಾಪಿನ ಎರಡು ಮಾತು. ಎರಡೂ ತಪ್ಪು. ವೇದದ ಮಾತು ತಪ್ಪು ಅಂತ ತೋರಿಸಲು ದೊಡ್ಡ ಗ್ರಂಥ ಬೇಕಿಲ್ಲ, ನಿಮ್ಮ ಮಗಳು ಬರೆದ ಹಾಳೆಯೇ ಸಾಕು.

ನಮ್ಮಲ್ಲಿ ಹಿಂದಿನಿಂದ ದಿನವನ್ನು ಭಾಗ ಮಾಡುತ್ತಿದ್ದದ್ದು 24 ಆಗಿ ಅಲ್ಲ, 60 ಘಳಿಗೆಯಾಗಿ. ಒಂದು ಘಳಿಗೆ 24 ನಿಮಿಷ. ಪಂಚಾಂಗದಲ್ಲಿ ಇವತ್ತಿಗೂ ತಿಥಿ ಎಷ್ಟು ಘಳಿಗೆ ಇದೆ ಅಂತಲೇ ಕೊಡುವವರಿದ್ದಾರೆ. ವಾರಗಳ ಹೆಸರು ಆ ಲೆಕ್ಕದಿಂದ ಹುಟ್ಟಿದ್ದರೆ ಏನಾಗುತ್ತಿತ್ತು? 60ರಲ್ಲಿ ಏಳೆಂಟಲ 56 ಕಳೆದರೆ ಉಳಿಯೋದು 4. ರವಿಯಿಂದ ನಾಲ್ಕು ಮನೆ ಮುಂದಕ್ಕೆ ಹೋಗಿ: ಶುಕ್ರ, ಬುಧ, ಚಂದ್ರ, ಶನಿ. ಭಾನುವಾರದ ಮಾರನೇ ದಿನ ಶನಿವಾರ! ಅಲ್ಲಿಂದ ಮತ್ತೆ ನಾಲ್ಕು ಮನೆ: ಗುರು, ಮಂಗಳ, ರವಿ, ಶುಕ್ರ. ಶನಿವಾರದ ಮಾರನೇ ದಿನ ಶುಕ್ರವಾರ. ಆಮೇಲೆ ಗುರುವಾರ, ಬುಧವಾರ, ಮಂಗಳವಾರ, ಸೋಮವಾರ. ಇಡೀ ವಾರ ಹಿಂದುಮುಂದಾಗಿ ಓಡುತ್ತದೆ. ಹಾಗಾಗಿ ನಾವು ಬಳಸುವ ಕ್ರಮ ಹುಟ್ಟಿದ್ದು ದಿನವನ್ನು 24 ಮಾಡುವ ಪದ್ಧತಿ ಇದ್ದ ಕಡೆಯೇ.

ಆ ಪದ್ಧತಿ ಈಜಿಪ್ಟಿನದ್ದು. ಗ್ರಹಗಳ ಓಟವನ್ನು ನೂರಾರು ವರ್ಷ ಬರೆದಿಟ್ಟವರು ಬ್ಯಾಬಿಲೋನಿನವರು. ಇವೆರಡನ್ನೂ ಸೇರಿಸಿದ್ದು ಗ್ರೀಕ್ ಭಾಷೆ ಆಡುವ ಈಜಿಪ್ಟಿನ ಜ್ಯೋತಿಷಿಗಳ ಕಾಲದಲ್ಲಿ. ಇಟಲಿಯ ಪೊಂಪೈ ಊರು 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು, ಅಲ್ಲಿನ ಗೋಡೆ ಬರಹಗಳಲ್ಲಿ ಈ ವಾರದೇವತೆಗಳ ಹೆಸರು ಸಿಕ್ಕಿವೆ. ಮೂರನೇ ಶತಮಾನದಲ್ಲಿ ರೋಮಿನ ಇತಿಹಾಸ ಬರೆದ ಡಿಯೊ ಕ್ಯಾಸಿಯಸ್, ಇದು ಈಜಿಪ್ಟಿನವರಿಂದ ಬಂದದ್ದು ಅಂತ ಹೇಳಿ, ಮೇಲೆ ನಾನು ಎಣಿಸಿದ ಹಾಗೆಯೇ 24 ಗಂಟೆ ಎಣಿಸಿ ತೋರಿಸುತ್ತಾನೆ. ಹೋರೆ ಅನ್ನೋ ಪದವೂ ಗ್ರೀಕಿನ ಹೋರಾ. ಅಹೋರಾತ್ರ ಅನ್ನೋ ಪದದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ಹೋರಾ ಆಗುತ್ತದೆ ಅಂತ ನಿಮಗೆ ಯಾರಾದರೂ ಹೇಳಬಹುದು. ಕೆಲವರು ಹೀಗನ್ನುತ್ತಾರೆ ಅಂತ ವರಾಹಮಿಹಿರನೇ ಬೃಹಜ್ಜಾತಕದಲ್ಲಿ ಬರೆದಿದ್ದಾನೆ. ಕೇಳಲು ಚೆನ್ನಾಗಿದೆ, ಆದರೆ ಪದ ಬಂದ ದಾರಿ ಅದಲ್ಲ.

ನಮ್ಮ ಕಡೆ ಹಳೆಯ ಕಾಲಗಣನೆ ಅಂದರೆ ತಿಥಿ ಮತ್ತು ನಕ್ಷತ್ರ. ವೇದಾಂಗ ಜ್ಯೋತಿಷದಲ್ಲಿ ಇರುವುದು ಅವೇ. ಅಶೋಕ ತನ್ನ ಸ್ತಂಭಶಾಸನದಲ್ಲಿ ಪ್ರಾಣಿಹಿಂಸೆ ಮಾಡಬಾರದ ದಿನಗಳನ್ನು ಪಟ್ಟಿ ಮಾಡುವಾಗ ಚತುರ್ದಶಿ, ಹುಣ್ಣಿಮೆ, ತಿಷ್ಯ, ಪುನರ್ವಸು ಅನ್ನುತ್ತಾನೆ, ಒಂದು ವಾರದ ಹೆಸರೂ ಇಲ್ಲ. ವಾರದ ಹೆಸರು ತೇದಿಯ ಜೊತೆ ಬರುವ ಹಳೆಯ ಶಾಸನ ಮಧ್ಯಪ್ರದೇಶದ ಏರಣ್‌ನಲ್ಲಿದೆ, ಗುಪ್ತರ ಬುಧಗುಪ್ತನ ಕಾಲದ್ದು, 484ರ ಜೂನ್ 21ಕ್ಕೆ ಸರಿಹೊಂದುತ್ತದೆ. ಅದರಲ್ಲಿ ಹೇಳಿರುವ ದಿನ ಸುರಗುರುವಿನ ದಿವಸ, ಅಂದರೆ ನಿಮ್ಮ ತಾತನ ಬೇಸ್ತವಾರವೇ. ಬ್ರಿಟಿಷರು ತಂದರು ಅನ್ನುವವರಿಗೆ ಈ ಒಂದು ಶಾಸನ ಸಾಕು. ನಮ್ಮ ಮೈಸೂರು, ಮಂಡ್ಯ ಸೀಮೆಯ ಹೊಯ್ಸಳರ ಕಲ್ಲುಗಳಲ್ಲೂ ಸಂವತ್ಸರ, ಮಾಸ, ತಿಥಿ ಆದಮೇಲೆ ವಾರ ಬರುತ್ತದೆ. ಕೆಲವು ಸಲ ಪೂರ್ತಿ ಹೆಸರು, ಎಷ್ಟೋ ಸಲ ಬರೀ ಒಂದಕ್ಷರ, ಆದಿವಾರಕ್ಕೆ "ಆ", ಸೋಮವಾರಕ್ಕೆ "ಸೋ" ಅಂತ.

ಬೇರೆ ಕಡೆಯಿಂದ ಬಂದದ್ದು ಅಂದಾಕ್ಷಣ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಲೆಕ್ಕ ಬಂತು, ಅದನ್ನು ನಮ್ಮವರು ತಮ್ಮ ಸೂರ್ಯೋದಯಕ್ಕೆ, ತಮ್ಮ ಪಂಚಾಂಗಕ್ಕೆ ಕೂಡಿಸಿಕೊಂಡರು, ಹೆಸರುಗಳನ್ನು ತಮ್ಮ ದೇವರ ಹೆಸರುಗಳಲ್ಲೇ ಇಟ್ಟರು. ಇಂಗ್ಲಿಷಿನವರೂ ಇದನ್ನೇ ಮಾಡಿದ್ದು. ಅವರ ಟ್ಯೂಸ್‌ಡೇಯಲ್ಲಿ ಇರುವ ತಿವ್ ಅವರ ಯುದ್ಧದೇವರು, ಮಂಗಳನ ಜಾಗದಲ್ಲಿ ಕೂತವನು. ಥರ್ಸ್‌ಡೇಯ ಥಾರ್ ಗುರುವಿನ ಜಾಗದವನು. ಎರಡು ಭಾಷೆಯ ವಾರಗಳು ಒಂದಕ್ಕೊಂದು ಸರಿಯಾಗಿ ಕೂಡುವುದಕ್ಕೆ ಕಾರಣ ಒಬ್ಬರು ಇನ್ನೊಬ್ಬರಿಗೆ ಕಲಿಸಿದ್ದಲ್ಲ, ಇಬ್ಬರಿಗೂ ಮೂಲದ ಪಟ್ಟಿ ಒಂದೇ.

ಕನ್ನಡದ ಹೆಸರುಗಳ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ತಮಿಳಿನವರು ಗ್ರಹಗಳಿಗೆ ಇದ್ದ ತಮ್ಮ ಪದಗಳನ್ನೇ ಹೆಚ್ಚಿನ ವಾರಗಳಿಗೂ ಹಾಕಿಕೊಂಡರು: ಸೋಮವಾರ ಅವರಿಗೆ ತಿಂಗಳ್, ಶುಕ್ರವಾರ ವೆಳ್ಳಿ. ನಮ್ಮಲ್ಲೂ ತಿಂಗಳು ಅಂದರೆ ಚಂದ್ರ, ಶುಕ್ರನಿಗೆ ಬೆಳ್ಳಿ. ಬೆಳ್ಳಿ ಮೂಡಿತು, ಏಳು ಅಂತ ಹಳ್ಳಿಗಳಲ್ಲಿ ಎಬ್ಬಿಸುತ್ತಿದ್ದರು. ಆದರೆ ವಾರಕ್ಕೆ ಮಾತ್ರ ನಾವು ಸಂಸ್ಕೃತದ ಹೆಸರನ್ನೇ ತೆಗೆದುಕೊಂಡೆವು. ತೆಗೆದುಕೊಂಡ ಮೇಲೆ ನಮ್ಮ ಬಾಯಿಗೆ ಬಗ್ಗಿಸಿದೆವು. ಆದಿತ್ಯವಾರ ಆಯ್ತವಾರ ಆಯಿತು. ಸೋಮವಾರವನ್ನು ನಿಮ್ಮ ಕಡೆಯ ಹಿರಿಯರು ಸ್ವಾಮವಾರ ಅಂದದ್ದನ್ನು ನೀವು ಕೇಳಿರುತ್ತೀರಿ. ಬೃಹಸ್ಪತಿವಾರ ಉದ್ದವೂ ಹೌದು, ಹೇಳಲು ಕಷ್ಟವೂ ಹೌದು, ಅದು ಸವೆದು ಸವೆದು ಬೇಸ್ತವಾರ ಆಯಿತು. ತೆಲುಗಿನಲ್ಲೂ ಇದೇ ರೂಪ ಇದೆ. ಬೇಸ್ತವಾರಕ್ಕೂ ಬೆಸ್ತರಿಗೂ, ಬೇಸ್ತು ಬೀಳುವುದಕ್ಕೂ ಸಂಬಂಧವಿಲ್ಲ. ಹಾಗೆ ಕಥೆ ಕಟ್ಟಿ ಹೇಳುವವರು ಸಿಗುತ್ತಾರೆ, ಅದಕ್ಕೇ ಹೇಳಿದೆ. ಹಾಗೇ ಅದು ತಪ್ಪು ಕನ್ನಡ, ಗುರುವಾರ ಅನ್ನೋದೇ ಸರಿ ಅನ್ನುವುದೂ ಸರಿಯಲ್ಲ. ಎರಡೂ ಒಬ್ಬ ಗ್ರಹನ ಎರಡು ಹೆಸರು.

ಮಂಗಳವಾರದ್ದು ಇನ್ನೊಂದು ಬಗೆ. ಆ ಗ್ರಹದ ಹಳೆಯ ಹೆಸರು ಅಂಗಾರಕ, ಕೆಂಡದಂಥವನು. ತುಳುವಿನಲ್ಲಿ ಇವತ್ತಿಗೂ ಅದು ಅಂಗಾರೆ. ಕ್ರೂರಗ್ರಹ ಅಂತ ಹೆದರಿದವರು ಒಳ್ಳೆಯ ಹೆಸರಿನಿಂದ ಕರೆದರು, ಮಂಗಳ ಅಂತ. ಹೆಸರಲ್ಲಿ ಮಂಗಳ ಇದ್ದರೂ ಆ ದಿನ ಶುಭಕಾರ್ಯ ಬೇಡ ಅನ್ನುವುದಕ್ಕೆ ಇದೇ ಕಾರಣ. ಮತ್ತೆ ಹಳೆಯ ಕನ್ನಡ ಶಾಸನಗಳಲ್ಲಿ ವಡ್ಡವಾರ ಅಂತ ಒಂದು ವಾರ ಬರುತ್ತದೆ, ಈಗ ಯಾರೂ ಬಳಸದ ಹೆಸರು. ಶಾಸನದ ಸಂವತ್ಸರ, ತಿಥಿಗಳನ್ನು ಹಿಡಿದು ಲೆಕ್ಕ ಹಾಕಿದ ತಜ್ಞರು ಅದನ್ನು ಶನಿವಾರ ಅಂತ ಗುರುತಿಸಿದರು. ನಿಮ್ಮ ಚೀಟಿಗೆ ನಾವು ಮಾಡಿದ್ದೂ ಅದೇ ಬಗೆಯ ಕೆಲಸ.

ರಾಹು ಕೇತುಗಳಿಗೆ ಯಾಕೆ ವಾರ ಇಲ್ಲ ಅಂತ ಮಗಳು ಮುಂದೆ ಕೇಳಬಹುದು. ಅವು ಕಣ್ಣಿಗೆ ಕಾಣುವ ಬೆಳಕುಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗಗಳು. ಯುರೇನಸ್ ಕಂಡದ್ದು 1781ರಲ್ಲಿ, ನೆಪ್ಚೂನ್ 1846ರಲ್ಲಿ. ಅಷ್ಟು ಹೊತ್ತಿಗೆ ವಾರದ ಹೆಸರು ಇಟ್ಟು ಸಾವಿರ ವರ್ಷದ ಮೇಲಾಗಿತ್ತು.

ಇನ್ನು ನೀವು ಏನು ಮಾಡಬೇಕು ಅನ್ನೋದು. ಅತ್ತೆಯವರು ಹೇಳಿದಂತೆ 22 ಅಂತ ತಿದ್ದಬೇಡಿ, ಇರುವ ದಾರಿಗಳಲ್ಲಿ ಜಾಸ್ತಿ ಕೆಡುಕು ಅದರಲ್ಲೇ ಇದೆ. 22, ಬೆಳಗಿನ ಜಾವ 4 ಗಂಟೆ ಅಂತ ಯಾರಾದರೂ ಜಾತಕ ಹಾಕಿದರೆ ಪೂರ್ತಿ 24 ಗಂಟೆ ಹಿಂದಕ್ಕೆ ಹೋಗುತ್ತದೆ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತಾನೆ, ಹಾಗಾಗಿ ಜನ್ಮನಕ್ಷತ್ರವೇ ಬದಲಾಗಿಬಿಡುತ್ತದೆ. ವಾರವೂ ಬೇಸ್ತವಾರ ಬರೋದಿಲ್ಲ, ಬುಧವಾರ ಆಗುತ್ತದೆ. ಬೇಸ್ತವಾರ ಕೂಡಿಸಲು ತಿದ್ದಿದ್ದು ಬೇಸ್ತವಾರವನ್ನೇ ಕೆಡಿಸುತ್ತದೆ. ಚಿಕ್ಕಪ್ಪನವರ 1947 ಹಿಡಿದರೆ ಶಾಂತಿಯೇ ಒಂದು ವರ್ಷ ಮುಂಚೆ ಆಗುತ್ತದೆ. ಸಾವಿರ ಹುಣ್ಣಿಮೆ ತುಂಬಲು ಸುಮಾರು 80 ವರ್ಷ 10 ತಿಂಗಳು ಬೇಕು, 1948ರಿಂದ ಎಣಿಸಿದರೆ 2028ರ ಕೊನೆಗೆ ಬರುತ್ತದೆ. ಕೆಲವು ಮನೆಗಳಲ್ಲಿ ಇದನ್ನು ಒಂದೆರಡು ತಿಂಗಳು ಮುಂಚೆಯೋ ಆಮೇಲೋ ಮಾಡುವ ಪದ್ಧತಿ ಇದೆ, ಅದು ನಿಮ್ಮ ಪುರೋಹಿತರು ಹೇಳಿದಂತೆ.

ಆಧಾರ್, ಬ್ಯಾಂಕು, ಪಿಂಚಣಿ ಕಾಗದಗಳಲ್ಲಿ ವಾರ ಕೇಳುವುದಿಲ್ಲ, 23-1-1948 ಅಂತಿದ್ದರೆ ಸಾಕು. ಪುರೋಹಿತರಿಗೆ ಫೋನಿನಲ್ಲಿ "ಶುಕ್ರವಾರ" ಅಂತಷ್ಟೇ ಹೇಳಿದರೆ ಅವರು ಶುಕ್ರವಾರ ಸೂರ್ಯೋದಯದ ನಂತರದ ತಿಥಿ ಹಿಡಿಯುವ ಸಾಧ್ಯತೆ ಇದೆ, "ಬೇಸ್ತವಾರ 22" ಅಂದರೆ ಹಗಲಿನದ್ದು ಅಂದುಕೊಳ್ಳಬಹುದು. ಹಾಗಾಗಿ ತಾರೀಖು, ಗಂಟೆ, ವಾರ ಮೂರನ್ನೂ ಬರೆದು ಕೊಡಿ. ಹರಿದುಹೋದ ತಿಥಿಯನ್ನೂ ಅವರು ಇದರಿಂದಲೇ ತೆಗೆಯಬಹುದು. ನೀವೇ ಮೊಬೈಲಿನ ಪಂಚಾಂಗದಲ್ಲಿ ಹಾಕಿ ನೋಡುವುದಾದರೆ 23-1-1948, ಬೆಳಗ್ಗೆ 4.00, ಊರು ಮಂಡ್ಯ ಅಂತ ಕೊಡಿ. ಸಂಜೆ 4 ಆಗದ ಹಾಗೆ ನೋಡಿಕೊಳ್ಳಿ. ಫಲಿತಾಂಶದಲ್ಲಿ ವಾರ ಗುರುವಾರ ಅಂತ ಬಂದರೆ ಅದು ಸೂರ್ಯೋದಯದ ಲೆಕ್ಕ ಹಿಡಿದಿದೆ ಅಂತ, ಶುಕ್ರವಾರ ಅಂತ ಬಂದರೆ ಬರೀ ತಾರೀಖಿನಿಂದ ವಾರ ತೆಗೆದಿದೆ ಅಂತ. ಎರಡನೇ ಥರದ್ದಾಗಿದ್ದರೆ ಅದು ತೋರಿಸುವ ತಿಥಿ 4 ಗಂಟೆಯದ್ದೋ ಅಥವಾ ಸೂರ್ಯೋದಯದ್ದೋ ಅಂತ ಒಮ್ಮೆ ನೋಡಿ.

ಆಹ್ವಾನ ಪತ್ರಿಕೆಯಲ್ಲಿ ಹಾಕಲು ಹೀಗೆ ಬರೆಸಿ: "ಜನನ: ಸರ್ವಜಿತು ಸಂವತ್ಸರ, ಪುಷ್ಯ ಶುದ್ಧ, ಬೃಹಸ್ಪತಿವಾರ ರಾತ್ರಿ 4 ಗಂಟೆ (23-1-1948ರ ಬೆಳಗಿನ ಜಾವ)". ತಿಥಿ ಗೊತ್ತಾದಮೇಲೆ ಶುದ್ಧದ ಮುಂದೆ ಸೇರಿಸಿ. ಬೃಹಸ್ಪತಿವಾರದ ಜಾಗದಲ್ಲಿ ಬೇಸ್ತವಾರ ಅಂತಲೇ ಹಾಕಿಸಿದರೂ ಯಾವ ತಪ್ಪೂ ಇಲ್ಲ, ಮುತ್ತಾತ ಬರೆದದ್ದೇ ಅದು.